ರಜೆ ಯಾರಿಗೆ, ಯಾವತ್ತು? ವೆಬ್ ಶೀರ್ಷಿಕೆ ಹೇಳಲೇಬೇಕಾದದ್ದು

ಮಳೆಗಾಲದ ಸಂಜೆ ಜಿಲ್ಲಾಧಿಕಾರಿಯ ರಜೆ ಆದೇಶ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬಿದ್ದ ಕೂಡಲೇ ಸುದ್ದಿ ತಾಣಗಳ ಡೆಸ್ಕ್‌ಗಳಲ್ಲಿ ಓಟ ಶುರುವಾಗುತ್ತದೆ. ಅದೇ ಹೊತ್ತಿಗೆ ಮನೆಮನೆಗಳಲ್ಲಿ ಅಪ್ಪ ಅಮ್ಮ ಗೂಗಲ್‌ನಲ್ಲಿ ‘ನಾಳೆ ಶಾಲೆಗೆ ರಜೆ’ ಎಂದೋ, ಇಂಗ್ಲಿಷ್ ಅಕ್ಷರಗಳಲ್ಲಿ karwar school holiday ಎಂದೋ ಹುಡುಕುತ್ತಿರುತ್ತಾರೆ. ಹತ್ತಾರು ಶೀರ್ಷಿಕೆಗಳು ಕಾಣಿಸುತ್ತವೆ. ‘ನಾಳೆ ಶಾಲಾ ಕಾಲೇಜುಗಳಿಗೆ ರಜೆ ಘೋಷಣೆ’ ಎಂಬುದನ್ನು ಒತ್ತಿ, ಜಾಹೀರಾತುಗಳನ್ನೆಲ್ಲ ದಾಟಿ ಕೆಳಗೆ ಹೋದರೆ ಅದು ಬೇರೆ ಜಿಲ್ಲೆಯ ಆದೇಶ. ಕೆಲವೊಮ್ಮೆ ಕಳೆದ ವರ್ಷದ್ದು.

ಆ ಶೀರ್ಷಿಕೆಯಲ್ಲಿ ಸುಳ್ಳು ಎನ್ನುವಂಥ ಒಂದು ಪದವೂ ಇಲ್ಲ. ಆದರೂ ಅದು ಓದುಗರ ದಾರಿ ತಪ್ಪಿಸುತ್ತದೆ. ಮುದ್ರಿತ ಪತ್ರಿಕೆಯಲ್ಲಾದರೆ ಅದು ಜಿಲ್ಲಾ ಪುಟದಲ್ಲಿ ಇರುತ್ತಿತ್ತು, ಮೇಲೆ ದಿನಾಂಕ ಇರುತ್ತಿತ್ತು, ವರದಿಯ ಮೊದಲಲ್ಲಿ ಊರಿನ ಹೆಸರು ಇರುತ್ತಿತ್ತು. ಹುಡುಕಾಟದ ಫಲಿತಾಂಶದಲ್ಲಿ ಇವು ಕಳಚಿ ಬೀಳುತ್ತವೆ. ಒಂದು ಶೀರ್ಷಿಕೆ, ಅದರ ಕೆಳಗೆ ಒಂದೆರಡು ಸಾಲಿನ ಸಾರಾಂಶ, ಓದುಗರ ಕಣ್ಣಿಗೆ ಮುಖ್ಯವಾಗಿ ಬೀಳುವುದು ಇಷ್ಟೇ. ಪುಟ ಹೇಳುತ್ತಿದ್ದುದನ್ನೆಲ್ಲ ಈಗ ಈ ಸಾಲುಗಳೇ ಹೇಳಬೇಕು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಉತ್ತರ ಕನ್ನಡದ ಕರಾವಳಿಯ ಐದು ತಾಲ್ಲೂಕುಗಳಾದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಜುಲೈ 16ರಂದು ಅಂಗನವಾಡಿ, ಶಾಲೆ ಮತ್ತು ಪಿಯು ಕಾಲೇಜುಗಳಿಗೆ ಮಳೆಯ ಕಾರಣ ರಜೆ ಎಂದು ಆದೇಶ ಬಂದಿದೆ ಎನ್ನಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಘಟ್ಟದ ಮೇಲಿನ ತಾಲ್ಲೂಕುಗಳಿಗೆ ರಜೆ ಇಲ್ಲ. ಪದವಿ ಕಾಲೇಜುಗಳಿಗೂ ಇಲ್ಲ.

ಜನ ಹುಡುಕುವ ಪದಗಳು ಯಾವುವು? ಜಿಲ್ಲೆ ಅಥವಾ ಊರು, ಶಾಲೆ, ರಜೆ, ನಾಳೆ, ಮಳೆ. ಅವರಿಗೆ ಬೇಕಾದ ಉತ್ತರವೂ ಇವುಗಳಲ್ಲೇ ಇದೆ. ಹಾಗಾಗಿ ಹುಡುಕಾಟಕ್ಕೆ ಒಗ್ಗುವ ಶೀರ್ಷಿಕೆಗೂ ನಿಜ ಹೇಳುವ ಶೀರ್ಷಿಕೆಗೂ ಇಲ್ಲಿ ಜಗಳವೇ ಇಲ್ಲ. ‘ವಿದ್ಯಾರ್ಥಿಗಳಿಗೆ ಸಿಹಿ ಸುದ್ದಿ’ ಎಂದು ಯಾರೂ ಹುಡುಕುವುದಿಲ್ಲ. ಹಳ್ಳ ಉಕ್ಕಿ ಮಕ್ಕಳು ದಾಟಲಾಗದು ಎಂದು ಕೊಟ್ಟ ರಜೆಯನ್ನು ಸಿಹಿ ಸುದ್ದಿ ಎನ್ನುವುದು ನನ್ನ ಮಟ್ಟಿಗೆ ಸುದ್ದಿಗೂ ಆ ಮಕ್ಕಳಿಗೂ ಮಾಡುವ ಅನ್ಯಾಯ.

‘ನಾಳೆ’ ಮಾತ್ರ ತೊಂದರೆಯ ಪದ. ಪತ್ರಿಕೆ ಮರುದಿನ ರದ್ದಿಗೆ ಹೋಗುತ್ತದೆ, ವೆಬ್ ಪುಟ ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟೂ ಕಾಲ ಅದರ ಶೀರ್ಷಿಕೆ ‘ನಾಳೆ ರಜೆ’ ಎನ್ನುತ್ತಲೇ ಇರುತ್ತದೆ. ಆದ್ದರಿಂದ ಶೀರ್ಷಿಕೆಯಲ್ಲಿ ದಿನಾಂಕ ಬರಲಿ, ಸಾರಾಂಶದಲ್ಲಿ ಇಸವಿಯೂ ಇರಲಿ. ‘ನಾಳೆ’ ವರದಿಯ ಮೊದಲ ವಾಕ್ಯದಲ್ಲಿ, ದಿನಾಂಕದ ಜೊತೆಯಲ್ಲಿ ಬಂದರೆ ಸಾಕು. ನಮ್ಮ ಉದಾಹರಣೆಯನ್ನು ಪುಟದ ಕೋಡ್‌ನಲ್ಲಿ ಹೀಗೆ ಬರೆಯಬಹುದು:

```html
<title>ಉತ್ತರ ಕನ್ನಡ ಕರಾವಳಿ: ಜುಲೈ 16ಕ್ಕೆ ಮಳೆ ರಜೆ, ಶಾಲೆ–ಪಿಯು ಕಾಲೇಜಿಗೆ ಅನ್ವಯ</title>
<meta name="description" content="2025ರ ಜುಲೈ 16ರಂದು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಮಳೆ ರಜೆ. ರಜೆ ಇಲ್ಲದ್ದು: ಪದವಿ ಕಾಲೇಜು, ಉಳಿದ ತಾಲ್ಲೂಕುಗಳು.">
```

ಸಾರಾಂಶದ ಕೊನೆಯನ್ನು ಗಮನಿಸಿ. ‘ಪದವಿ ಕಾಲೇಜು, ಉಳಿದ ತಾಲ್ಲೂಕುಗಳಿಗೆ ರಜೆ ಇಲ್ಲ’ ಎಂದೇ ಸಹಜವಾಗಿ ಬರೆಯಬಹುದಿತ್ತು. ಹಾಗೆ ಬರೆಯದಿರಲು ಕಾರಣವಿದೆ. ಕನ್ನಡದ ವಾಕ್ಯದಲ್ಲಿ ‘ಇಲ್ಲ’, ‘ಸುಳ್ಳು’, ‘ರದ್ದು’ ಎಂಬ ನಿರ್ಣಾಯಕ ಮಾತುಗಳು ಕೊನೆಗೇ ಬರುತ್ತವೆ. ಹುಡುಕಾಟದ ಫಲಿತಾಂಶದಲ್ಲಿ ಉದ್ದ ಸಾಲಿನ ಕೊನೆಗೇ ಕತ್ತರಿ ಬೀಳುತ್ತದೆ. ‘ನಾಳೆ ರಾಜ್ಯದ ಎಲ್ಲ ಶಾಲೆಗಳಿಗೆ ರಜೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳು: ಶಿಕ್ಷಣ ಇಲಾಖೆ ಸ್ಪಷ್ಟನೆ’ ಎಂಬ ಒಳ್ಳೆಯ ಉದ್ದೇಶದ ಶೀರ್ಷಿಕೆ ಫೋನಿನಲ್ಲಿ ‘ನಾಳೆ ರಾಜ್ಯದ ಎಲ್ಲ ಶಾಲೆಗಳಿಗೆ ರಜೆ…’ ಎಂದು ತುಂಡಾಗಿ ಕಂಡರೆ, ಸುಳ್ಳನ್ನು ಅಲ್ಲಗಳೆಯಲು ಹೊರಟ ವರದಿಯೇ ಆ ಸುಳ್ಳನ್ನು ಹಂಚಿದಂತಾಗುತ್ತದೆ. ‘ಸುಳ್ಳು ಸಂದೇಶ: ಎಲ್ಲ ಶಾಲೆಗಳಿಗೆ ರಜೆ ಇಲ್ಲ, ಇಲಾಖೆ ಸ್ಪಷ್ಟನೆ’ ಎಂದು ನಿರಾಕರಣೆಯನ್ನು ಮುಂದಕ್ಕೆ ತಂದರೆ ಎಲ್ಲಿ ತುಂಡಾದರೂ ಅರ್ಥ ತಿರುಗುವುದಿಲ್ಲ. ಇಂಗ್ಲಿಷ್‌ಗಾಗಿ ಬರೆದ ಕೈಪಿಡಿಗಳಲ್ಲಿ ಈ ಎಚ್ಚರಿಕೆ ಸಿಗುವುದು ಕಷ್ಟ. ಕನ್ನಡದ ಡೆಸ್ಕಿನವರು ಇದನ್ನು ತಾವೇ ರೂಢಿ ಮಾಡಿಕೊಳ್ಳಬೇಕು.

ಹಾಗಾದರೆ ಎಷ್ಟು ಅಕ್ಷರ ಬರೆದರೆ ಕತ್ತರಿ ಬೀಳುವುದಿಲ್ಲ? ಸುಮಾರು 60 ಅಕ್ಷರ ಎಂಬ ಲೆಕ್ಕ ಎಲ್ಲೆಡೆ ಓಡಾಡುತ್ತಿದೆ. ಗೂಗಲ್ ಅಂಥ ಮಿತಿಯನ್ನೇನೂ ಹಾಕಿಲ್ಲ. ಪರದೆಯ ಅಗಲಕ್ಕೆ ಹಿಡಿಸುವಷ್ಟನ್ನು ತೋರಿಸುತ್ತದೆ. ಕನ್ನಡಕ್ಕಂತೂ ಆ ಲೆಕ್ಕ ನಡೆಯುವುದೇ ಇಲ್ಲ. ‘ಸ್ಪಷ್ಟ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಅದು ಆರು, ಏಕೆಂದರೆ ಅದು ವ್ಯಂಜನವನ್ನೂ ಹಲಂತ ಚಿಹ್ನೆಯನ್ನೂ ಬೇರೆ ಬೇರೆ ಎಣಿಸುತ್ತದೆ. ಬರೆಯುವ ತಂತ್ರಾಂಶದ ಎಣಿಕೆ ಕೆಂಪಾಯಿತು ಎಂದು ಜಿಲ್ಲೆಯ ಹೆಸರನ್ನೇ ಕಿತ್ತುಹಾಕುವವರಿದ್ದಾರೆ. ಎಣಿಕೆಯನ್ನು ನಂಬುವ ಬದಲು ಸಾಧಾರಣ ಫೋನ್ ಒಂದರಲ್ಲಿ ತೆರೆದು ನೋಡಿ. ಊರು, ದಿನ, ವಿಷಯ ಮೊದಲ ಅರ್ಧದಲ್ಲೇ ಬಂದಿದ್ದರೆ ಚಿಂತೆಯಿಲ್ಲ.

ಇನ್ನು ಸಾರಾಂಶ. ಇದರಲ್ಲಿ ಪದಗಳನ್ನು ತುರುಕಿದರೆ ಫಲಿತಾಂಶದಲ್ಲಿ ಮೇಲೆ ಬರಬಹುದು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಈ ಸಾಲನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಸಾರಾಂಶದ ಕೆಲಸ ಓದುಗರಿಗೆ ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವಾಗುವುದು. ಶಿರಸಿಯ ತಾಯಿಯೊಬ್ಬರು ಅದನ್ನು ಓದಿ ‘ನಮಗಲ್ಲ’ ಎಂದು ಮುಂದೆ ಹೋದರೆ ಆ ಸಾಲು ಗೆದ್ದಂತೆ, ನಿಮಗೆ ಒಂದು ಕ್ಲಿಕ್ ಕಡಿಮೆಯಾದರೂ ಸರಿ.

ನೀವು ಬರೆದದ್ದನ್ನೇ ಗೂಗಲ್ ತೋರಿಸುತ್ತದೆ ಎಂಬ ಖಾತ್ರಿಯೂ ಇಲ್ಲ. ಹುಡುಕಿದ ಪದಕ್ಕೆ ವರದಿಯೊಳಗಿನ ಬೇರೆ ವಾಕ್ಯ ಹೆಚ್ಚು ಹೊಂದುತ್ತದೆ ಎನಿಸಿದರೆ ಅದನ್ನೇ ಎತ್ತಿಕೊಳ್ಳುತ್ತದೆ. ಶೀರ್ಷಿಕೆಯನ್ನೂ ಬದಲಿಸುವುದುಂಟು. ಪುಟದ ಒಳಗಿನ ದೊಡ್ಡ ತಲೆಬರಹವನ್ನು ಇನ್ನಷ್ಟು ಹೆಚ್ಚಾಗಿ ಬಳಸಲು ಅದು ಶುರುಮಾಡಿದ್ದು 2021ರ ಆಗಸ್ಟ್‌ನಲ್ಲಿ. ಹಾಗಾಗಿ ಹುಡುಕಾಟದ ಶೀರ್ಷಿಕೆಗೂ ಒಳಗಿನ ತಲೆಬರಹಕ್ಕೂ ಪದಗಳು ಬೇರೆ ಇರಬಹುದು, ಹೇಳುವ ಸಂಗತಿ ಒಂದೇ ಆಗಿರಬೇಕು. ತಾಲ್ಲೂಕು, ದಿನಾಂಕ, ಯಾರಿಗೆ ಎಂಬ ಮೂರೂ ವರದಿಯ ಮೊದಲ ಪ್ಯಾರಾದಲ್ಲೇ ಇದ್ದರೆ, ಗೂಗಲ್ ಅಲ್ಲಿಂದ ಎತ್ತಿಕೊಂಡರೂ ಮೋಸವಿಲ್ಲ.

ರಾತ್ರಿ ಹತ್ತಕ್ಕೆ ಶಿರಸಿಗೂ ರಜೆ ವಿಸ್ತರಿಸಿದರು ಎನ್ನಿ. ಡೆಸ್ಕಿನವರು ವರದಿ ತಿದ್ದುತ್ತಾರೆ, ಶೀರ್ಷಿಕೆಯನ್ನೂ ತಿದ್ದುತ್ತಾರೆ, ಪರದೆಯ ಕೆಳಗೆಲ್ಲೋ ಅಡಗಿರುವ ಸಾರಾಂಶದ ಚೌಕ ಮರೆತುಹೋಗುತ್ತದೆ. ಶಿರಸಿಗೆ ರಜೆ ಇಲ್ಲ ಎಂಬ ಹಳೆಯ ಸಾಲು ಬೆಳಗಿನವರೆಗೂ ಹಾಗೇ ಉಳಿಯಬಹುದು. ಈ ಮೂರನ್ನೂ ಒಟ್ಟಿಗೇ ತಿದ್ದಬೇಕು, ಪುಟದ ವಿಳಾಸ ಮಾತ್ರ ಹಳೆಯದೇ ಇರಲಿ.

ಶೀರ್ಷಿಕೆ ದಾರಿ ತಪ್ಪಿಸಿತೇ ಎಂದು ತಿಳಿಯಲು ತಾಣದವರಿಗೆ ಗೂಗಲ್ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್ ಇದೆ. ಯಾವ ಪದ ಹುಡುಕಿದವರಿಗೆ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬುದು ಅದರಲ್ಲಿ ಸಿಗುತ್ತದೆ. ಕಾರವಾರದ ಸುದ್ದಿಗೆ ‘ಧಾರವಾಡ ಶಾಲೆ ರಜೆ’ ಎಂದು ಹುಡುಕಿದವರು ಗುಂಪಾಗಿ ಬಂದಿದ್ದರೆ ನಿಮ್ಮ ಶೀರ್ಷಿಕೆ ಅಗತ್ಯಕ್ಕಿಂತ ಅಗಲವಾಗಿತ್ತು ಎಂದೇ ಅರ್ಥ. ಕ್ಲಿಕ್ ಸಂಖ್ಯೆ ಚೆನ್ನಾಗಿದೆ ಎಂದು ಅದನ್ನು ಗೆಲುವೆಂದು ಬರೆದುಕೊಳ್ಳಬೇಡಿ.

ಪ್ರಕಟಿಸುವ ಮೊದಲು ಮಾಡಬಹುದಾದ ಸುಲಭದ ಪರೀಕ್ಷೆಯೂ ಒಂದಿದೆ. ವರದಿ ಓದದ ಸಹೋದ್ಯೋಗಿಗೆ ಶೀರ್ಷಿಕೆ, ಸಾರಾಂಶ ಎರಡನ್ನೇ ತೋರಿಸಿ, ಎಲ್ಲಿ, ಯಾವ ದಿನ, ಯಾರಿಗೆ ಎಂದು ಕೇಳಿ. ಅವರ ಉತ್ತರವನ್ನು ಆದೇಶದ ಪ್ರತಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದಿದ್ದರೆ, ಬೇರೆ ತಾಣದವರು ಆಗಲೇ ಹಾಕಿಬಿಟ್ಟಿದ್ದರೂ, ದಯವಿಟ್ಟು ತಿದ್ದಿಯೇ ಪ್ರಕಟಿಸಿ.