ಗಡುವು ವಿಸ್ತರಣೆಯ ಕೋರಿಕೆ: ಹೊಸ ತಾರೀಖು ಎಲ್ಲಿಂದ ಬರುತ್ತದೆ

ಗಡುವು ವಿಸ್ತರಿಸಬೇಕೆಂದು ಪ್ರಾಧ್ಯಾಪಕರಿಗೋ ಕೆಲಸ ಕೊಟ್ಟ ಗ್ರಾಹಕರಿಗೋ ಬರೆಯುವ ಪತ್ರದಲ್ಲಿ ಮುಖ್ಯವಾಗಿ ಎರಡು ಸಂಗತಿಗಳಿರುತ್ತವೆ: ತಡವಾಗುತ್ತಿರುವುದಕ್ಕೆ ಕಾರಣ ಮತ್ತು ಕೆಲಸ ಮುಗಿಯುವ ಹೊಸ ತಾರೀಖು. ಬರೆಯುವವರು ಸಾಮಾನ್ಯವಾಗಿ ಕಾರಣವನ್ನು ಹೇಗೆ ಹೇಳುವುದೆಂದು ತಲೆ ಕೆಡಿಸಿಕೊಳ್ಳುತ್ತಾರೆ. ತಾರೀಖನ್ನು ಮಾತ್ರ ಕೊನೆಯ ಸಾಲಿನಲ್ಲಿ ಅಂದಾಜಿಗೆ ಹಾಕಿಬಿಡುತ್ತಾರೆ, ಇಲ್ಲವೇ ‘ಸ್ವಲ್ಪ ಕಾಲಾವಕಾಶ ನೀಡಬೇಕು’ ಎಂದು ಮುಗಿಸುತ್ತಾರೆ. ಓದುವವರ ಕಣ್ಣು ಮೊದಲು ಹುಡುಕುವುದು ಆ ತಾರೀಖನ್ನೇ. ಅವರು ಒಪ್ಪುವುದೋ ಬಿಡುವುದೋ ಅದನ್ನು ನೋಡಿದ ಮೇಲೆ ತೀರ್ಮಾನವಾಗುತ್ತದೆ.

ಪತ್ರ ಬರೆಯುವ ಮೊದಲು ಗಡುವನ್ನು ಸರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿದಿರಬೇಕು. ತರಗತಿಯ ನಿಯೋಜಿತ ಕಾರ್ಯ, ಕಿರುಪ್ರಬಂಧದ ಕರಡು ಇಂಥವಕ್ಕೆ ದಿನ ಗೊತ್ತುಮಾಡುವವರು ಸಾಮಾನ್ಯವಾಗಿ ಅಧ್ಯಾಪಕರೇ, ಆದ್ದರಿಂದ ಅದನ್ನು ಸರಿಸಲೂ ಅವರಿಗೆ ಸಾಧ್ಯ. ಪರೀಕ್ಷಾ ವಿಭಾಗವೋ ವಿಶ್ವವಿದ್ಯಾಲಯವೋ ಹೊರಡಿಸಿದ ಕೊನೆಯ ದಿನಾಂಕವಾದರೆ ಅವರ ಕೈಯಲ್ಲೇನೂ ಇರುವುದಿಲ್ಲ. ಪಿಎಚ್.ಡಿ.ಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಯುಜಿಸಿಯ 2022ರ ನಿಯಮಾವಳಿಯಂತೆ ಪ್ರವೇಶ ಪಡೆದ ದಿನದಿಂದ ಗರಿಷ್ಠ 6 ವರ್ಷ ಅವಧಿ ಇರುತ್ತದೆ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷದವರೆಗೆ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರಿಗೆ ಅದರ ಮೇಲೆ ಮತ್ತೆ 2 ವರ್ಷ ಕೊಡಲು ಅವಕಾಶವಿದೆ. ಈ ಕೋರಿಕೆ ಮಾರ್ಗದರ್ಶಕರ ಶಿಫಾರಸಿನೊಂದಿಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕೇ ಹೊರತು ಮಾರ್ಗದರ್ಶಕರ ಕೊಠಡಿಯಲ್ಲಿ ಬಾಯಿಮಾತಿನಲ್ಲಿ ಮುಗಿಯುವಂಥದ್ದಲ್ಲ. ‘ಸರ್ ಹೂಂ ಅಂದಿದ್ದರು’ ಎಂಬ ಸಮಾಧಾನ ಕಚೇರಿಯ ಕಡತದ ಮುಂದೆ ನಿಲ್ಲುವುದಿಲ್ಲ.

ಮಾರ್ಗದರ್ಶಕರೇ ಕೊಡಬಹುದಾದ ವಿಸ್ತರಣೆಯ ಒಂದು ಉದಾಹರಣೆಯನ್ನು ನೋಡಬಹುದು. ಎಂ.ಎ. ವಿದ್ಯಾರ್ಥಿನಿಯೊಬ್ಬಳು ಪ್ರತಿ ಮಂಗಳವಾರ ನಡೆಯುವ ವಾರದ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಒಟ್ಟು 40 ಸಂದರ್ಶನಗಳಲ್ಲಿ 26 ಆಗಿವೆ. ಪೂರ್ಣ ಕರಡನ್ನು ಮಾರ್ಗದರ್ಶಕರಿಗೆ ಒಪ್ಪಿಸಬೇಕಾದ ದಿನ ಮಾರ್ಚ್ 20. ಉಳಿದ 14 ಸಂದರ್ಶನಗಳನ್ನು ಮಾರ್ಚ್ 4 ಮತ್ತು 11ರ ಸಂತೆಗಳಲ್ಲಿ ಏಳೇಳರಂತೆ ಮುಗಿಸಿ, ಬಳಿಕ ಸಿಗುವ ಒಂಬತ್ತು ದಿನಗಳಲ್ಲಿ ಬರವಣಿಗೆ ಮಾಡುವುದು ಅವಳ ಯೋಜನೆಯಾಗಿತ್ತು. ಮಾರ್ಚ್ 2ರಂದು ಜ್ವರ ಬಂತು, ಡೆಂಗಿ ಎಂದು ಗೊತ್ತಾಯಿತು, ವೈದ್ಯರು 12ರವರೆಗೆ ವಿಶ್ರಾಂತಿ ಹೇಳಿದರು.

ಕಾಯಿಲೆಗೆ ಹೋದದ್ದು ಹನ್ನೊಂದು ದಿನ. ಹಾಗಾಗಿ ಹನ್ನೊಂದು ದಿನ ಹೆಚ್ಚು ಕೇಳಿದರೆ ಸಾಕೆಂದು ತೋರುತ್ತದೆ, ಹೆಚ್ಚಿನವರು ಕೇಳುವುದೂ ಅಷ್ಟನ್ನೇ. ಅಂದರೆ ಮಾರ್ಚ್ 31. ಈ ಲೆಕ್ಕ ತಪ್ಪುತ್ತದೆ, ಏಕೆಂದರೆ ಸಂತೆ ದಿನವೂ ಸೇರುವುದಿಲ್ಲ. ತಪ್ಪಿದ ಎರಡು ಸಂತೆಗಳಿಗೆ ಬದಲಾಗಿ ಅವಳಿಗೆ ಸಿಗುವುದು 18 ಮತ್ತು 25ರ ಮಂಗಳವಾರಗಳು. ಹಳೆಯ ಯೋಜನೆಯಲ್ಲಿದ್ದಂತೆಯೇ ಎರಡನೇ ಸಂತೆಯ ನಂತರ ಒಂಬತ್ತು ದಿನ ಬೇಕು: ಮುದ್ರಿಸಿಕೊಂಡ ಏಳು ಸಂದರ್ಶನಗಳನ್ನು ಕೇಳಿ ಬರಹಕ್ಕಿಳಿಸಲು ನಾಲ್ಕು ದಿನ, ಕೋಷ್ಟಕಗಳಿಗೂ ಮೂರನೇ ಅಧ್ಯಾಯಕ್ಕೂ ಐದು ದಿನ. ಅಲ್ಲಿಗೆ ಏಪ್ರಿಲ್ 3 ಆಗುತ್ತದೆ. ಆ ವರ್ಷ ಯುಗಾದಿ ನಡುವೆಯೇ ಬರುವುದರಿಂದ ಎರಡು ದಿನ ಅದಕ್ಕೆ ಬಿಡಬೇಕು. ಹಬ್ಬದ ದಿನ ಮನೆಯಲ್ಲಿ ಕೂತು ಕೋಷ್ಟಕ ಹಾಕುತ್ತೇನೆ ಎಂಬ ಸಂಕಲ್ಪವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಮೇಲು. ಯಾರಾದರೂ ಸಂದರ್ಶನಕ್ಕೆ ಸಿಗದೆ ಹೋದರೆ, ವಿದ್ಯುತ್ ಕೈಕೊಟ್ಟರೆ ಇರಲಿ ಎಂದು ಇನ್ನೆರಡು ದಿನ. ಹೊಸ ತಾರೀಖು ಏಪ್ರಿಲ್ 7 ಎಂದಾಯಿತು. ಹೋದದ್ದು ಹನ್ನೊಂದು ದಿನವಾದರೂ ಬೇಕಾದದ್ದು ಹದಿನೆಂಟು. ಮಾರ್ಚ್ 31 ಎಂದು ಬರೆದಿದ್ದರೆ ಅದೇ ದಿನ ಎರಡನೇ ಪತ್ರ ಬರೆಯಬೇಕಾಗುತ್ತಿತ್ತು. ಮಾರ್ಗದರ್ಶಕರಿಗೆ ಬೇಸರ ತರುವುದು ಮೊದಲ ಪತ್ರಕ್ಕಿಂತ ಆ ಎರಡನೆಯದು.

ಇದು ಲೆಕ್ಕದ ಅರ್ಧ ಭಾಗ. ಕರಡು ಕೈಸೇರಿದ ಮೇಲೆ ಮಾರ್ಗದರ್ಶಕರಿಗೂ ಕೆಲಸವಿದೆ. ವಿಭಾಗಕ್ಕೆ ಕಿರುಪ್ರಬಂಧ ಸಲ್ಲಿಸುವ ಕೊನೆಯ ದಿನ ಏಪ್ರಿಲ್ 25 ಎಂದಿರಲಿ. ಅದನ್ನು ಸರಿಸುವಂತಿಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮುದ್ರಣಕ್ಕೂ ಬೈಂಡಿಂಗಿಗೂ ಮೂರು ದಿನ, ತಿದ್ದುಪಡಿಗೆ ಐದು ದಿನ ಹೋಗುತ್ತವೆ. ಏಪ್ರಿಲ್ 7ಕ್ಕೆ ಕೊಟ್ಟರೆ ಮಾರ್ಗದರ್ಶಕರಿಗೆ ಓದಲು ಉಳಿಯುವುದು ಸುಮಾರು ಹತ್ತು ದಿನ. ಅದೇ ಹೊತ್ತಿಗೆ ಉಳಿದ ವಿದ್ಯಾರ್ಥಿಗಳ ಕರಡುಗಳೂ ಅವರ ಮೇಜಿನ ಮೇಲಿರುತ್ತವೆ. ಹದಿನೆಂಟು ದಿನ ಕೇಳುವವಳು ನಿಜದಲ್ಲಿ ಅವರ ಓದಿನ ಸಮಯದಿಂದ ಹದಿನೆಂಟು ದಿನ ಕೇಳುತ್ತಿದ್ದಾಳೆ. ಇದಕ್ಕೆ ಅವಳು ಕೊಡಬಹುದಾದ ಪರಿಹಾರವೂ ಇದೆ: ಮೊದಲ ಎರಡು ಅಧ್ಯಾಯಗಳು ಬಾಕಿ ಸಂದರ್ಶನಗಳನ್ನು ಅವಲಂಬಿಸಿಲ್ಲವಾದ್ದರಿಂದ ಅವನ್ನು ಹಳೆಯ ಗಡುವಿನ ದಿನವೇ ಒಪ್ಪಿಸುವುದು. ಆಗ ಏಪ್ರಿಲ್ 7ರ ನಂತರ ಅವರು ಓದಬೇಕಾದದ್ದು ಕೊನೆಯ ಭಾಗ ಮಾತ್ರ.

ಇಷ್ಟು ಲೆಕ್ಕ ಮಾಡಿಕೊಂಡ ಮೇಲೆ ಪತ್ರ ಚಿಕ್ಕದಾಗುತ್ತದೆ:

‘ಮಾನ್ಯ ಸರ್, ಕಿರುಪ್ರಬಂಧದ ಪೂರ್ಣ ಕರಡನ್ನು ಮಾರ್ಚ್ 20ರ ಬದಲು ಏಪ್ರಿಲ್ 7ರಂದು ಒಪ್ಪಿಸಲು ಅನುಮತಿ ಕೋರುತ್ತೇನೆ. ಡೆಂಗಿ ಜ್ವರದಿಂದಾಗಿ ಮಾರ್ಚ್ 2ರಿಂದ 12ರವರೆಗೆ ವಿಶ್ರಾಂತಿಯಲ್ಲಿದ್ದೆ, ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಈ ಅವಧಿಯಲ್ಲಿ ಎರಡು ಸಂತೆಗಳು ತಪ್ಪಿ 14 ಸಂದರ್ಶನಗಳು ಬಾಕಿ ಉಳಿದಿವೆ. ಅವನ್ನು ಮಾರ್ಚ್ 18 ಮತ್ತು 25ರ ಸಂತೆಗಳಲ್ಲಿ ಮುಗಿಸುತ್ತೇನೆ. ಮೊದಲ ಎರಡು ಅಧ್ಯಾಯಗಳನ್ನು ಮಾರ್ಚ್ 20ರಂದೇ ತಮಗೆ ತಲುಪಿಸುತ್ತೇನೆ. ಏಪ್ರಿಲ್ 7 ತಮಗೆ ಅನುಕೂಲವಾಗದಿದ್ದರೆ, ಈಗಿರುವ 26 ಸಂದರ್ಶನಗಳಿಗೇ ಅಧ್ಯಯನವನ್ನು ಸೀಮಿತಗೊಳಿಸಬಹುದೇ ಎಂದು ತಿಳಿಸಬೇಕಾಗಿ ವಿನಂತಿ.’

ಕೋರಿಕೆ ಮೊದಲ ವಾಕ್ಯದಲ್ಲೇ ಇದೆ, ಎರಡು ತಾರೀಖುಗಳೂ ಪಕ್ಕಪಕ್ಕದಲ್ಲಿವೆ. ಶಾಲೆಯ ರಜಾ ಅರ್ಜಿಯಿಂದ ಕಲಿತ ‘ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ’ ಎಂಬ ಪೀಠಿಕೆಯಿಂದ ಕೇಡೇನಿಲ್ಲ, ಆದರೆ ಅದರ ಹಿಂದೆ ಮುಖ್ಯ ಮಾತು ನಾಲ್ಕು ಸಾಲು ಕೆಳಗೆ ಜಾರುತ್ತದೆ. ಕಾರಣ ಒಂದೇ ವಾಕ್ಯದ್ದಾದರೂ ಅದಕ್ಕೆ ಆರಂಭ ಮತ್ತು ಕೊನೆಯ ದಿನಗಳಿವೆ. ‘ಅನಿವಾರ್ಯ ಕಾರಣಗಳಿಂದ’ ಎಂಬ ಮಾತಿಗೆ ಇವೆರಡೂ ಇರುವುದಿಲ್ಲ, ಆದ್ದರಿಂದ ಎಷ್ಟು ದಿನ ಹೋಯಿತೆಂದು ಓದುವವರಿಗೆ ತಿಳಿಯುವುದಿಲ್ಲ. ಹೇಳಲು ಮುಜುಗರವಾಗುವ ಕಾಯಿಲೆಯೋ ಮನೆಯ ಕಷ್ಟವೋ ಆದರೆ ಹೆಸರು ಬೇಕಿಲ್ಲ. ‘ಆರೋಗ್ಯದ ಕಾರಣ, ಮಾರ್ಚ್ 2ರಿಂದ 12ರವರೆಗೆ’ ಎಂದರೆ ಸಾಕು. ಕಾರಣಗಳ ಸಂಖ್ಯೆ ಹೆಚ್ಚಿದಷ್ಟೂ ನಂಬಿಕೆ ತಗ್ಗುತ್ತದೆ. ಜ್ವರದ ಜೊತೆಗೆ ಲ್ಯಾಪ್‌ಟಾಪ್ ಕೆಟ್ಟದ್ದು, ಸಂಬಂಧಿಕರ ಮದುವೆ ಸೇರಿಕೊಂಡರೆ ನಿಜವಾದ ಜ್ವರವೂ ನೆಪದಂತೆ ಕಾಣುತ್ತದೆ.

ಪತ್ರ ಹೋದದ್ದು ಗಡುವಿಗೆ ಎಂಟು ದಿನ ಮುಂಚೆ, ಅಂದರೆ 12ರಂದು. ಮೊದಲ ಸಂತೆ ತಪ್ಪಿದ 4ನೇ ತಾರೀಖಿನಂದೇ ‘ಜ್ವರದಿಂದ ಮಲಗಿದ್ದೇನೆ, ಕರಡು ತಡವಾಗಬಹುದು, ಚೇತರಿಸಿಕೊಂಡ ಮೇಲೆ ತಾರೀಖು ತಿಳಿಸುತ್ತೇನೆ’ ಎಂದು ಎರಡು ಸಾಲು ಕಳಿಸಿದ್ದರೆ ಇನ್ನೂ ಒಳ್ಳೆಯದಿತ್ತು. ಸೂಚನೆಗೆ ಹೊಸ ತಾರೀಖು ಗೊತ್ತಾಗಿರಲೇಬೇಕೆಂದಿಲ್ಲ. ಕೋರಿಕೆಗೆ ಅದು ಬೇಕು.

ಗ್ರಾಹಕರ ವಿಷಯಕ್ಕೆ ಬಂದರೆ ಲೆಕ್ಕದ ರೀತಿ ಇದೇ, ಆದರೆ ಇಲ್ಲಿ ಹಣವೂ ಕಾನೂನೂ ಸೇರಿಕೊಳ್ಳುತ್ತವೆ. ಭಾರತೀಯ ಕರಾರು ಅಧಿನಿಯಮ, 1872ರ ಸೆಕ್ಷನ್ 55 ಗಡುವು ಮೀರಿದ ಕೆಲಸದ ಬಗ್ಗೆ ಹೇಳುತ್ತದೆ. ಸಮಯವೇ ಕರಾರಿನ ಜೀವಾಳವಾಗಿದ್ದರೆ, ಗಡುವು ತಪ್ಪಿದಾಗ ಗ್ರಾಹಕರು ಕರಾರನ್ನೇ ರದ್ದುಮಾಡಬಹುದು. ಹಾಗಿಲ್ಲದಿದ್ದರೆ ರದ್ದುಮಾಡುವಂತಿಲ್ಲ, ಆದರೆ ತಡದಿಂದಾದ ನಷ್ಟಕ್ಕೆ ಪರಿಹಾರ ಕೇಳಬಹುದು. ಸೆಕ್ಷನ್ 63ರ ಪ್ರಕಾರ ಕೆಲಸ ಯಾರಿಗಾಗಿ ನಡೆಯಬೇಕೋ ಅವರು ಅದರ ಸಮಯವನ್ನು ವಿಸ್ತರಿಸಬಹುದು. ಇದಕ್ಕೆ ಎರಡೂ ಕಡೆಯವರ ಒಪ್ಪಿಗೆ ಇರಬೇಕೆಂದು ಸುಪ್ರೀಂ ಕೋರ್ಟ್ 1958ರಲ್ಲಿ, ಕೇಶವಲಾಲ್ ಲಲ್ಲುಭಾಯಿ ಪಟೇಲ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಪತ್ರ ಕಳಿಸಿದ ಮಾತ್ರಕ್ಕೆ ಗಡುವು ಸರಿದಂತಲ್ಲ. ಇಮೇಲಿಗೆ ಉತ್ತರ ಬರದಿದ್ದರೆ ಮೌನವನ್ನು ಸಮ್ಮತಿ ಎಂದು ಹಿಡಿಯದೆ ಮತ್ತೆ ಕೇಳಬೇಕು. ಫೋನಿನಲ್ಲಿ ‘ಆಯ್ತು ಬಿಡಿ’ ಎಂದರೆ, ‘ಇಂದು ಮಾತನಾಡಿದಂತೆ ಹೊಸ ತಾರೀಖು ಇಂಥದ್ದು’ ಎಂದು ಒಂದು ಸಾಲು ಬರೆದು ಕಳಿಸುವುದು ವಾಡಿಕೆ.

ತಡಕ್ಕೆ ಗ್ರಾಹಕರೇ ಕಾರಣರಾಗಿರುವುದೂ ಉಂಟು. ಸಹಕಾರ ಸಂಘವೊಂದರ ಸ್ಮರಣ ಸಂಚಿಕೆಯ ಪುಟವಿನ್ಯಾಸ ಮಾಡುವ ಡಿಟಿಪಿಯವರಿಗೆ ಫೋಟೊಗಳೂ ಅಧ್ಯಕ್ಷರ ಸಂದೇಶವೂ ಜೂನ್ 5ಕ್ಕೆ ಬರಬೇಕಿತ್ತು, ಬಂದದ್ದು 12ಕ್ಕೆ ಎನ್ನೋಣ. ಆಗ ‘ನಿಮ್ಮಿಂದಲೇ ತಡವಾಯಿತು’ ಎನ್ನುವ ಬದಲು ‘ಫೋಟೊಗಳು ಮತ್ತು ಸಂದೇಶ 12ರಂದು ಕೈಸೇರಿದ್ದರಿಂದ’ ಎಂದು ಬರೆದರೆ ಅದೇ ಸಂಗತಿ ಜಗಳವಿಲ್ಲದೆ ದಾಖಲಾಗುತ್ತದೆ. ಇಂಥ ಕೆಲಸಕ್ಕೆ ಇನ್ನೊಂದು ಮಿತಿಯಿದೆ: ಸಂಚಿಕೆಯ ಬಿಡುಗಡೆಗೆ ಮಂತ್ರಿಗಳು ದಿನ ಕೊಟ್ಟಾಗಿದೆ, ಆಹ್ವಾನಪತ್ರ ಹಂಚಿಯಾಗಿದೆ. ಆ ದಿನ ಸರಿಯುವುದಿಲ್ಲ. ಇಲ್ಲಿ ಬರಿಯ ವಿಸ್ತರಣೆ ಕೇಳಿ ಪ್ರಯೋಜನವಿಲ್ಲ. ಮುಗಿದ ಪುಟಗಳನ್ನು ಹದಿನಾರರ ಫಾರಂಗಳಾಗಿ ಮೊದಲೇ ಪ್ರೆಸ್ಸಿಗೆ ಕೊಟ್ಟು, ಫೋಟೊ ಪುಟಗಳ ಕೊನೆಯ ಫಾರಂಗೆ ಮಾತ್ರ ಹೊಸ ತಾರೀಖು ಕೇಳಬೇಕಾಗುತ್ತದೆ. ಅದೂ ಹೊಂದದಿದ್ದರೆ ಯಾವ ಪುಟಗಳನ್ನು ಕೈಬಿಡಬಹುದೆಂದು ಗ್ರಾಹಕರನ್ನೇ ಕೇಳಬೇಕು.

ಎರಡನೇ ಬಾರಿ ವಿಸ್ತರಣೆ ಕೇಳುವ ಪ್ರಸಂಗ ಬಂದರೆ ಪತ್ರದ ಸ್ವರೂಪ ಬದಲಾಗುತ್ತದೆ. ಮೊದಲ ಲೆಕ್ಕ ಎಲ್ಲಿ ತಪ್ಪಿತೆಂದು ಹೇಳಬೇಕು, ಅಲ್ಲಿಯವರೆಗೆ ಮುಗಿದ ಕೆಲಸವನ್ನು ಪತ್ರದ ಜೊತೆಗೇ ಒಪ್ಪಿಸಬೇಕು, ಹೊಸ ತಾರೀಖಿಗೆ ಮುಂಚೆ ಇನ್ನೊಂದು ನಡುವಿನ ತಾರೀಖನ್ನೂ ಕೊಡಬೇಕು. ಸಂತೆಯ ಉದಾಹರಣೆಯಲ್ಲಿ ಅದು ಮಾರ್ಚ್ 25ರ ಸಂಜೆಯಾಗಬಹುದು. ಅಂದು 40 ಸಂದರ್ಶನಗಳೂ ಮುಗಿದಿವೆಯೇ ಇಲ್ಲವೇ ಎಂಬುದರಿಂದಲೇ ಏಪ್ರಿಲ್ 7 ಉಳಿಯುತ್ತದೆಯೋ ಇಲ್ಲವೋ ಎಂದು ಮಾರ್ಗದರ್ಶಕರಿಗೆ ಎರಡು ವಾರ ಮೊದಲೇ ಗೊತ್ತಾಗುತ್ತದೆ.