ಬಣ್ಣ ತಿರುಗಿದರೆ ಕಲಬೆರಕೆಯೇ?

ಸರ್ಕಾರಿ ಪ್ರಯೋಗಾಲಯದಲ್ಲಿ ಕುಳಿತು ‘ಈ ಹಾಲು ಕಲಬೆರಕೆಯದು’ ಎಂದು ಸಹಿ ಹಾಕುವ ಅಧಿಕಾರ ಎಲ್ಲರಿಗೂ ಇಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಡೆಸುವ ಆಹಾರ ವಿಶ್ಲೇಷಕರ ಪರೀಕ್ಷೆಯಲ್ಲಿ ಪಾಸಾಗಬೇಕು. ಅದರಲ್ಲಿ ಬರವಣಿಗೆಯೂ ಇದೆ, ಪ್ರಯೋಗವೂ ಇದೆ. ಅದಕ್ಕೆ ಓದುವವರು ಮೊದಲು ಬಾಯಿಪಾಠ ಮಾಡುವುದು ಒಂದು ಪಟ್ಟಿ: ಹಾಲಿಗೆ ಅಯೋಡಿನ್ ಹಾಕಿ ನೀಲಿಯಾದರೆ ಹಿಟ್ಟು, ಅರಿಶಿನಕ್ಕೆ ಆಮ್ಲ ಹಾಕಿ ಗುಲಾಬಿಯಾದರೆ ಮೆಟಾನಿಲ್ ಯೆಲ್ಲೊ, ಹೀಗೆ. ಮೊಬೈಲಿನಲ್ಲಿ ಹರಿದಾಡುವ ‘ಮನೆಯಲ್ಲೇ ಪರೀಕ್ಷಿಸಿ’ ವಿಡಿಯೊಗಳಲ್ಲಿರುವುದೂ ಹೆಚ್ಚುಕಡಿಮೆ ಇದೇ ಪಟ್ಟಿ. ಆದರೆ ವಿಶ್ಲೇಷಕನಿಗೆ ಬಣ್ಣ ಗೊತ್ತಿದ್ದರೆ ಸಾಲದು. ಆ ಬಣ್ಣ ಯಾಕೆ ಬಂತು, ಕಲಬೆರಕೆ ಇಲ್ಲದೆಯೂ ಬರಬಹುದೇ, ಕಲಬೆರಕೆ ಇದ್ದೂ ಬಾರದಿರಬಹುದೇ ಎಂಬುದೂ ಗೊತ್ತಿರಬೇಕು. ಗ್ರಾಹಕರಾದ ನಮಗೂ ಬೇಕಾಗಿರುವುದು ಅದೇ.

ಹಾಲಿನಿಂದ ಶುರು ಮಾಡೋಣ. ಲ್ಯಾಕ್ಟೋಮೀಟರ್ ಎಲ್ಲರೂ ನೋಡಿರುವ ಉಪಕರಣ. ಅದು ನೀರನ್ನು ಕಂಡುಹಿಡಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಅದು ಅಳೆಯುವುದು ಹಾಲಿನ ಸಾಂದ್ರತೆಯನ್ನು ಮಾತ್ರ. ರೀಡಿಂಗ್ 28 ಎಂದರೆ ಸಾಂದ್ರತೆ 1.028. ನೀರು ಸೇರಿದರೆ ರೀಡಿಂಗ್ ಇಳಿಯುತ್ತದೆ, ಸರಿ. ಆದರೆ ಹಾಲಿನ ಕೊಬ್ಬು ನೀರಿಗಿಂತಲೂ ಹಗುರ. ಆದ್ದರಿಂದ ಕೆನೆ ತೆಗೆದರೆ ರೀಡಿಂಗ್ ಏರುತ್ತದೆ. ಮೋಸಕ್ಕೆ ದಾರಿಯಾಗುವುದು ಇಲ್ಲೇ.

ಒಂದು ಲೆಕ್ಕ ಹಾಕಿ ನೋಡೋಣ. ಹಸುವಿನ ಹಾಲು, ರೀಡಿಂಗ್ 28, ಫ್ಯಾಟ್ ಶೇ 4. ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶವನ್ನು ಡೈರಿಯವರು ಎಸ್‌ಎನ್‌ಎಫ್ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕಲು ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ: ರೀಡಿಂಗನ್ನು 4ರಿಂದ ಭಾಗಿಸಿ, ಅದಕ್ಕೆ ಫ್ಯಾಟಿನ ಕಾಲು ಭಾಗ ಸೇರಿಸಿ, ಮೇಲೆ 0.44 ಕೂಡಿಸುವುದು. (ಲ್ಯಾಕ್ಟೋಮೀಟರನ್ನು ಯಾವ ಉಷ್ಣತೆಗೆ ತಯಾರಿಸಿದ್ದಾರೆ ಎಂಬುದರ ಮೇಲೆ ಕೊನೆಯ ಸಂಖ್ಯೆ ಬದಲಾಗುತ್ತದೆ. ಉಪಕರಣಕ್ಕೆ ಹೊಂದುವ ಸೂತ್ರವನ್ನೇ ಬಳಸಬೇಕು.) ನಮ್ಮ ಹಾಲಿಗೆ 7 + 1 + 0.44, ಅಂದರೆ 8.44. ಹಸುವಿನ ಹಾಲಿಗೆ ಕಾನೂನು ಕೇಳುವುದು ಕನಿಷ್ಠ 8.3 ಎಸ್‌ಎನ್‌ಎಫ್, 3.2 ಫ್ಯಾಟ್. ಹಾಲು ಪಾಸ್.

ಈಗ ಇದೇ ಹಾಲಿನಿಂದ ಅರ್ಧದಷ್ಟು ಕೊಬ್ಬನ್ನು ಕೆನೆಯಾಗಿ ತೆಗೆಯಿರಿ. ರೀಡಿಂಗ್ ಸುಮಾರು 30.7ಕ್ಕೆ ಏರುತ್ತದೆ. ಲೀಟರಿಗೆ 100 ಮಿಲಿಲೀಟರ್ ನೀರು ಸುರಿಯಿರಿ. ರೀಡಿಂಗ್ ಮತ್ತೆ 28ಕ್ಕೆ ಬಂದು ನಿಲ್ಲುತ್ತದೆ! ಲ್ಯಾಕ್ಟೋಮೀಟರ್ ಮಾತ್ರ ಹಿಡಿದು ನಿಂತವರಿಗೆ ಈ ಹಾಲಿಗೂ ಮೊದಲಿನ ಹಾಲಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಫ್ಯಾಟ್ ಅಳೆದಾಗ ಬಣ್ಣ ಬಯಲಾಗುತ್ತದೆ: ಫ್ಯಾಟ್ 1.8, ಎಸ್‌ಎನ್‌ಎಫ್ 7 + 0.45 + 0.44, ಅಂದರೆ 7.89. ಎರಡೂ ಫೇಲ್. ಡೈರಿಗಳಲ್ಲಿ ರೀಡಿಂಗ್ ಮತ್ತು ಫ್ಯಾಟ್ ಎರಡನ್ನೂ ಒಟ್ಟಿಗೆ ನೋಡಿ ದರ ಕಟ್ಟುವುದು ಈ ಕಾರಣಕ್ಕೇ.

ರೀಡಿಂಗ್ ತೆಗೆಯುವಾಗಲೂ ಎಡವಟ್ಟಾಗುತ್ತದೆ. ಹಾಲನ್ನು ಮೇಲಿಂದ ರಭಸವಾಗಿ ಸುರಿದರೆ ನೊರೆ ಎದ್ದು ಗಾಳಿ ಸೇರಿಕೊಳ್ಳುತ್ತದೆ, ರೀಡಿಂಗ್ ಇಳಿಯುತ್ತದೆ. ಆಗಷ್ಟೇ ಕರೆದ ಹಾಲೂ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಕೆಲವು ಗಂಟೆ ಬಿಟ್ಟು ನೋಡಿದರೆ ಸ್ವಲ್ಪ ಏರಿರುತ್ತದೆ. ಹೀಗಾಗಿ ಪಾತ್ರೆಯ ಅಂಚಿಗೆ ತಾಗಿಸಿ ನಿಧಾನವಾಗಿ ಸುರಿದು, ಉಷ್ಣತೆ ನೋಡಿ ತಿದ್ದಿಕೊಂಡ ಮೇಲೆಯೇ ಸಂಖ್ಯೆ ಬರೆಯಬೇಕು. ಇಷ್ಟಾದ ಮೇಲೂ ಎಸ್‌ಎನ್‌ಎಫ್ ಕಡಿಮೆ ಬಂದರೆ ‘ನೀರು ಬೆರೆಸಿದ್ದಾರೆ’ ಎಂದು ತೀರ್ಮಾನಿಸುವಂತಿಲ್ಲ. ಮೇವು ಸಾಲದ ಹಸುವಿನ ಹಾಲೇ ತೆಳುವಾಗಿರಬಹುದು. ಆ ಅನುಮಾನ ಬಂದಾಗ ಹಾಲು ಹೆಪ್ಪುಗಟ್ಟುವ ಉಷ್ಣತೆಯನ್ನು ನೋಡುತ್ತಾರೆ. ಅದು ಸೊನ್ನೆಗಿಂತ ಸುಮಾರು 0.54 ಡಿಗ್ರಿ ಕೆಳಗಿರುತ್ತದೆ. ಹಾಲಿನ ಸಕ್ಕರೆ ಮತ್ತು ಲವಣಗಳು ಹಸುವಿನ ರಕ್ತದೊಂದಿಗೆ ಸಮತೋಲದಲ್ಲಿರುವುದರಿಂದ ಈ ಸಂಖ್ಯೆ ಹೆಚ್ಚು ಅಲುಗಾಡುವುದಿಲ್ಲ. ಹತ್ತರಲ್ಲಿ ಒಂದು ಪಾಲು ನೀರು ಸೇರಿದರೆ ಅದು 0.49ರ ಹತ್ತಿರ ಬರುತ್ತದೆ.

ಮೋಸ ಮಾಡುವವನು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ನೀರು ಸೇರಿಸಿ ಇಳಿದ ಸಾಂದ್ರತೆಯನ್ನು ಮತ್ತೆ ಏರಿಸಲು ಯೂರಿಯಾ ಹಾಕುತ್ತಾನೆ. ಅಗ್ಗ, ಬಿಳಿ, ನೀರಿನಲ್ಲಿ ಕರಗುತ್ತದೆ, ಹೆಪ್ಪುಗಟ್ಟುವ ಉಷ್ಣತೆಯನ್ನೂ ಕೆಳಕ್ಕೆಳೆಯುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಡಿಎಂಎಬಿ ಎಂಬ ರಾಸಾಯನಿಕದ 1.6 ಗ್ರಾಂ ಅನ್ನು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ 100 ಮಿಲಿಲೀಟರ್ ಆಲ್ಕೋಹಾಲಿನಲ್ಲಿ ಕರಗಿಸಿ ಇಟ್ಟುಕೊಳ್ಳುತ್ತಾರೆ. 5 ಮಿಲಿಲೀಟರ್ ಹಾಲಿಗೆ ಅಷ್ಟೇ ದ್ರಾವಣ ಬೆರೆಸಿದಾಗ ಎದ್ದು ಕಾಣುವ ಹಳದಿ ಬಂದರೆ ಹೊರಗಿನ ಯೂರಿಯಾ ಇದೆ ಎಂದರ್ಥ. ಹೊಸಬರು ಮುಗ್ಗರಿಸುವುದು ಇಲ್ಲಿ. ಯೂರಿಯಾ ಹಾಲಿನಲ್ಲಿ ಸಹಜವಾಗಿಯೇ ಇರುತ್ತದೆ, ಹಸುವಿಗೆ ಹಿಂಡಿ ಹೆಚ್ಚಾದರೆ ಇನ್ನಷ್ಟು ಇರುತ್ತದೆ. 100 ಮಿಲಿಲೀಟರಿಗೆ 70 ಮಿಲಿಗ್ರಾಂವರೆಗೆ ಕಾನೂನೇ ಒಪ್ಪುತ್ತದೆ. ಅಂದರೆ ಶುದ್ಧ ಹಾಲೂ ತಿಳಿ ಹಳದಿಯಾಗುತ್ತದೆ. ಖಚಿತವಾಗಿ ಒಳ್ಳೆಯದೆಂದು ಗೊತ್ತಿರುವ ಹಾಲನ್ನು ಪಕ್ಕದ ನಳಿಕೆಯಲ್ಲಿಟ್ಟು, ಎರಡೂ ಹಳದಿಯನ್ನು ಹೋಲಿಸದೆ ಹೇಳುವ ಮಾತಿಗೆ ಬೆಲೆಯಿಲ್ಲ.

ಮನೆಯಲ್ಲಿ ಮಾಡುವುದಾದರೆ ತೊಗರಿಬೇಳೆ ಅಥವಾ ಸೋಯಾಬೀನ್ ಪುಡಿ ಸಾಕು. ಒಂದು ಚಮಚ ಹಾಲಿಗೆ ಅರ್ಧ ಚಮಚ ಪುಡಿ ಹಾಕಿ ಕುಲುಕಿ, ಐದು ನಿಮಿಷ ಬಿಟ್ಟು, ಕೆಂಪು ಲಿಟ್ಮಸ್ ಕಾಗದವನ್ನು ಅರ್ಧ ನಿಮಿಷ ಅದ್ದಬೇಕು. ಬೇಳೆಯಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತದೆ, ಕಾಗದ ನೀಲಿಯಾಗುತ್ತದೆ. ಹುರಿದ ಬೇಳೆಯ ಪುಡಿ ನಡೆಯದು, ಬಿಸಿಗೆ ಕಿಣ್ವ ಸತ್ತಿರುತ್ತದೆ. ಹುಳಿಯಾಗದಿರಲೆಂದು ಸೋಡಾ ಹಾಕಿದ ಹಾಲೂ ಲಿಟ್ಮಸನ್ನು ನೀಲಿಯ ಕಡೆಗೆ ತಿರುಗಿಸಬಲ್ಲದು. ಆದ್ದರಿಂದ ಪುಡಿ ಹಾಕುವ ಮೊದಲು ಬರೀ ಹಾಲಿಗೆ ಒಂದು ಕಾಗದ ಅದ್ದಿ ಪಕ್ಕಕ್ಕಿಟ್ಟುಕೊಳ್ಳಿ. ಎರಡರ ನಡುವಿನ ವ್ಯತ್ಯಾಸವೇ ಯೂರಿಯಾದ ಸುಳಿವು.

ಸಾಂಬಾರ ಪದಾರ್ಥಗಳಲ್ಲಿ ನನಗೆ ಹೆಚ್ಚು ಆತಂಕ ಇರುವುದು ಅರಿಶಿನದ ಬಗ್ಗೆ. ಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದರೆ ದುಡ್ಡು ಹೋಗುತ್ತದೆ, ಅರಿಶಿನದ ವಿಷಯದಲ್ಲಿ ಮಕ್ಕಳ ಮೆದುಳೇ ಹೋಗಬಹುದು. ಪರೀಕ್ಷೆಗೆ ಓದುವವರೆಲ್ಲರಿಗೂ ಗೊತ್ತಿರುವ ಪ್ರಯೋಗ ಇದು: ಚಿಟಿಕೆ ಅರಿಶಿನಕ್ಕೆ ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳು. ಗುಲಾಬಿ ಬಣ್ಣ ಬಂದರೆ ಮೆಟಾನಿಲ್ ಯೆಲ್ಲೊ, ಆಹಾರದಲ್ಲಿ ಬಳಸಲೇಬಾರದ ಬಟ್ಟೆಯ ಬಣ್ಣ. ತೊಡಕೇನೆಂದರೆ, ಶುದ್ಧ ಅರಿಶಿನದ ಕರ್ಕ್ಯುಮಿನ್ ಕೂಡ ಗಟ್ಟಿ ಆಮ್ಲದಲ್ಲಿ ಕೆಂಪಗಾಗುತ್ತದೆ. ಬೇರ್ಪಡಿಸುವ ಉಪಾಯ ಸ್ವಲ್ಪ ನೀರು. ನೀರು ಬಿದ್ದ ಕೂಡಲೇ ಅರಿಶಿನದ ಕೆಂಪು ಮಾಯವಾಗುತ್ತದೆ, ಮೆಟಾನಿಲ್ ಯೆಲ್ಲೊ ಗುಲಾಬಿಯಾಗಿಯೇ ನಿಲ್ಲುತ್ತದೆ. ಹಾಗೆಂದು ಧಾರಾಳವಾಗಿ ನೀರು ಸುರಿದರೆ ಆಮ್ಲ ತೀರ ತೆಳುವಾಗಿ ಆ ಬಣ್ಣವೂ ಹಳದಿಗೆ ಮರಳುತ್ತದೆ, ಕಳ್ಳ ತಪ್ಪಿಸಿಕೊಳ್ಳುತ್ತಾನೆ. ನೀರನ್ನು ಹನಿಹನಿಯಾಗಿ ಹಾಕುವ ಕೈ ಬೇಕು. ಗಟ್ಟಿ ಆಮ್ಲವನ್ನು ಅಡುಗೆಮನೆಗೆ ತರುವ ಸಾಹಸ ಮಾತ್ರ ಯಾರಿಗೂ ಬೇಡ.

ಇದಕ್ಕಿಂತ ಅಪಾಯದ್ದು ಲೆಡ್ ಕ್ರೋಮೇಟ್. ಅರಿಶಿನದ ಕೊಂಬಿಗೆ ಪಾಲಿಶ್ ಮಾಡುವಾಗ ಹೊಳಪಿಗೆಂದು ಸವರುವ ಸೀಸದ ಹಳದಿ ಇದು. ಆಮ್ಲದ ಪ್ರಯೋಗದಲ್ಲಿ ಮೆಟಾನಿಲ್ ಯೆಲ್ಲೊದ ಗುಲಾಬಿ ಕೊಡುವುದಿಲ್ಲ. ಒಂದು ಲೋಟ ನೀರಿಗೆ ಚಮಚ ಅರಿಶಿನ ಹಾಕಿ ನೋಡುವ ಮನೆಯ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಆ ಪರೀಕ್ಷೆ ಹಿಡಿಯುವುದು ನೀರಿಗೆ ಬಣ್ಣ ಬಿಡುವುದನ್ನು, ಲೆಡ್ ಕ್ರೋಮೇಟ್ ನೀರಿನಲ್ಲಿ ಕರಗುವುದೇ ಇಲ್ಲ. ಪ್ರಯೋಗಾಲಯದಲ್ಲಿ ಅರಿಶಿನವನ್ನು ಸುಟ್ಟು ಬೂದಿ ಮಾಡಿ, ಬೂದಿಯನ್ನು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಸೋಸಿ, ಡೈಫಿನೈಲ್ ಕಾರ್ಬಜೈಡ್ ಹಾಕುತ್ತಾರೆ. ಗುಲಾಬಿ ಬಣ್ಣ ಬಂದರೆ ಕ್ರೋಮೇಟ್ ಇದೆ. ಇಲ್ಲೂ ಬಣ್ಣ ಕೊಡುವುದು ಕ್ರೋಮೇಟ್, ಸೀಸವಲ್ಲ. ಸೀಸ ಎಷ್ಟಿದೆ ಎಂಬುದಕ್ಕೆ ಬೇರೆ ಯಂತ್ರವೇ ಬೇಕು. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿದ್ದ ಸೀಸದ ಮೂಲ ಹುಡುಕುತ್ತಾ ಹೋದ ಸಂಶೋಧಕರು ತಲುಪಿದ್ದು ಇದೇ ಹಳದಿಗೆ. ಅಲ್ಲಿನ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ 2019ರಲ್ಲಿ ಶೇ 47ರಷ್ಟರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ಬಿಗಿಯಾಗಿ ನಿಂತಾಗ 2021ರ ಹೊತ್ತಿಗೆ ಒಂದರಲ್ಲೂ ಇರಲಿಲ್ಲ.

ಎಣ್ಣೆಯಲ್ಲಿ ಭಯಪಡಬೇಕಾದದ್ದು ಅರ್ಜಿಮೋನ್. ಹಾಳುಬಿದ್ದ ಹೊಲದಲ್ಲಿ, ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಮುಳ್ಳೆಲೆಯ ಕಳೆಗಿಡ. ಅದರ ಬೀಜ ನೋಡಲು ಸಾಸಿವೆಯಂತೆಯೇ. ಅದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 1998ರಲ್ಲಿ ದೆಹಲಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಕಾಲು ಊದಿ, ಉಸಿರು ಕಟ್ಟಿ, ಹೃದಯ ಸೋಲುವ ಕಾಯಿಲೆ ಅದು. ಇದಕ್ಕೆ ಹೇಳುವ ಸರಳ ಪರೀಕ್ಷೆ ನೈಟ್ರಿಕ್ ಆಮ್ಲದ್ದು. ಎಣ್ಣೆಯಷ್ಟೇ ಗಟ್ಟಿ ಆಮ್ಲ ಹಾಕಿ ಮೆಲ್ಲಗೆ ಕುಲುಕಿ ಬಿಟ್ಟರೆ, ಕೆಳಗೆ ನಿಂತ ಆಮ್ಲದ ಪದರ ಕಿತ್ತಳೆಗೆಂಪಾಗುತ್ತದೆ. ಆದರೆ ಕಲಬೆರಕೆ ಶೇ 0.25ಕ್ಕಿಂತ ಕಡಿಮೆಯಿದ್ದರೆ ಇದು ಸುಮ್ಮನಿರುತ್ತದೆ, ಬೇರೆ ಕೆಲವು ಎಣ್ಣೆಗಳಿಗೆ ಸುಳ್ಳೇ ಬಣ್ಣ ತೋರಿಸುತ್ತದೆ. ಖಚಿತಪಡಿಸಲು ಎಣ್ಣೆಯ ಸಾರವನ್ನು ಸಿಲಿಕಾ ಸವರಿದ ಗಾಜಿನ ಮೇಲೆ ಹರಿಯಬಿಟ್ಟು ಅತಿನೇರಳೆ ದೀಪದಡಿ ಹಿಡಿಯುತ್ತಾರೆ. ವಿಷದ ಅಂಶವಾದ ಸ್ಯಾಂಗ್ವಿನಾರಿನ್ ಅಲ್ಲಿ ಹೊಳೆಯುತ್ತದೆ, ಹತ್ತು ಲಕ್ಷದಲ್ಲಿ 50 ಪಾಲು ಇದ್ದರೂ ಸಿಕ್ಕಿಬೀಳುತ್ತದೆ.

ನಾವು ಒಗ್ಗರಣೆಗೆ ತರುವ ಸಾಸಿವೆಯನ್ನು ಇದಕ್ಕೆ ಹೋಲಿಸಿ ನೋಡುವುದು ಸುಲಭ. ಒಂದಿಷ್ಟು ಕಾಳನ್ನು ಬಿಳಿ ತಟ್ಟೆಯಲ್ಲಿ ಹರಡಿ ಭೂತಗನ್ನಡಿ ಹಿಡಿಯಿರಿ. ಸಾಸಿವೆ ನುಣ್ಣಗಿರುತ್ತದೆ, ಅರ್ಜಿಮೋನ್ ಬೀಜದ ಮೈ ಒರಟು, ಬಲೆ ಹೆಣೆದಂತೆ ಗೆರೆಗಳಿರುತ್ತವೆ. ಉಗುರಿನಿಂದ ಒತ್ತಿ ಒಡೆದರೆ ಸಾಸಿವೆಯ ಒಳಗು ಹಳದಿ, ಇದರದ್ದು ಬಿಳಿ.

ಮನೆಯ ಪರೀಕ್ಷೆಯಲ್ಲಿ ಅನುಮಾನ ಬಂದರೆ ಅಂಗಡಿಯವನೊಂದಿಗೆ ಜಗಳ ಕಾಯುವುದಕ್ಕಿಂತ ಗಟ್ಟಿಯಾದ ದಾರಿಯೊಂದು 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂನಲ್ಲಿದೆ. ಯಾವುದೇ ಗ್ರಾಹಕ ಶುಲ್ಕ ಕಟ್ಟಿ, ತಾನು ಕೊಂಡ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಷರತ್ತು ಒಂದೇ: ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕು. ಪದಾರ್ಥ ಕಾನೂನಿಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕವೂ ವಾಪಸ್ಸು ಸಿಗುತ್ತದೆ.