ಸೊನ್ನೆ ಸರಿಯಿದ್ದರೆ ಸಾಲದು

ಲೇತ್ ಶಾಪುಗಳಲ್ಲಿ ಮೈಕ್ರೊಮೀಟರಿನ ಪರೀಕ್ಷೆ ಬಹಳ ಸಲ ಸೊನ್ನೆಗೇ ಮುಗಿಯುತ್ತದೆ. ಅದರ ಬಾಯಿ ಮುಚ್ಚಿ, ಗೆರೆ ಗೆರೆಗೆ ಕೂತರೆ ಕೆಲಸ ಶುರು. ಆದರೆ ಒಳಗಿನ ಸ್ಕ್ರೂ ಸವೆಯುವುದು ಹೆಚ್ಚು ಬಳಕೆಯಾಗುವ ಜಾಗದಲ್ಲಿ. ವರ್ಷಗಟ್ಟಲೆ 13 ಮಿ.ಮೀ. ಆಸುಪಾಸಿನ ಶಾಫ್ಟುಗಳನ್ನೇ ಅಳೆದ ಉಪಕರಣ ಸೊನ್ನೆಯಲ್ಲಿ ಸರಿಯಾಗಿದ್ದು ನಡುವೆ ತಪ್ಪು ತೋರಿಸಬಹುದು.

ಅದನ್ನು ಹಿಡಿಯಲು ಬೇಕಾದದ್ದು ಗೇಜ್ ಬ್ಲಾಕ್, ಶಾಪಿನವರ ಮಾತಿನಲ್ಲಿ ಸ್ಲಿಪ್ ಗೇಜ್. ಆದರೆ 5, 10, 15 ಎಂದು ಪೂರ್ಣ ಸಂಖ್ಯೆಯ ಬ್ಲಾಕುಗಳನ್ನಷ್ಟೇ ಇಟ್ಟು ನೋಡಿದರೆ ಪರೀಕ್ಷೆ ಅರ್ಧ ಮಾತ್ರ. ಥಿಂಬಲ್ ಒಂದು ಸುತ್ತಿಗೆ ಅರ್ಧ ಮಿ.ಮೀ. ಸರಿಯುವುದರಿಂದ ಅದು ಪ್ರತಿ ಸಲವೂ ಅದೇ ಸೊನ್ನೆ ಗೆರೆಯಲ್ಲಿ ನಿಲ್ಲುತ್ತದೆ. ಸುತ್ತಿನ ನಡುವಿನ ದೋಷ ಕಾಣುವುದೇ ಇಲ್ಲ. ಆದ್ದರಿಂದ 2.5, 5.1, 7.7, 10.3, 12.9, ಹೀಗೆ 25ರವರೆಗೆ ಅಳತೆಗಳನ್ನು ಆರಿಸುವುದು ರೂಢಿ. ಆಗ ಥಿಂಬಲ್ ಬೇರೆ ಬೇರೆ ಗೆರೆಗಳಲ್ಲಿ ನಿಲ್ಲುತ್ತದೆ.

12.9 ಬೇಕಾದರೆ 11 ಮತ್ತು 1.9ರ ಬ್ಲಾಕುಗಳನ್ನು ಕೂಡಿಸಬೇಕು. ಈ ಕೂಡಿಸುವಿಕೆಗೆ ರಿಂಗಿಂಗ್ ಎನ್ನುತ್ತಾರೆ. ಎರಡರ ಮುಖವನ್ನೂ ಎಳೆ ಬಿಡದ ಬಟ್ಟೆಯಿಂದ ಒರೆಸಿ, ಒಂದನ್ನು ಇನ್ನೊಂದರ ಮೇಲೆ ಅಡ್ಡಲಾಗಿಟ್ಟು, ಹಗುರವಾಗಿ ಒತ್ತುತ್ತಾ ತಿರುಗಿಸಿ ನೇರ ಮಾಡಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪದರ ಮತ್ತು ಅಣುಗಳ ಆಕರ್ಷಣೆಯಿಂದ ಅವು ಅಂಟಿಕೊಳ್ಳುತ್ತವೆ. ಇದು ಗಾಳಿಯ ಒತ್ತಡದ ಕೆಲಸವಲ್ಲ. ನಿರ್ವಾತದಲ್ಲೂ ಅವು ಬಿಡುವುದಿಲ್ಲ. ಜಾರಿಸುವಾಗ ಗರಗರ ಎನಿಸಿದರೆ ತಕ್ಷಣ ನಿಲ್ಲಿಸಿ. ಧೂಳೋ ಅಂಚಿನ ಬರ‍್ರೋ ಇದೆ ಎಂದರ್ಥ. ಒತ್ತಿದರೆ ಮುಖಕ್ಕೆ ಗೀರು ಬೀಳುತ್ತದೆ. ಎತ್ತಿದಾಗ ಕೆಳಗಿನದು ಕಳಚಿ ಬಿದ್ದರೆ ಕೂಡಿಲ್ಲ ಎಂದೇ ಲೆಕ್ಕ.

ಕೂಡಿಸಿದ ಮೇಲೆ ಸ್ವಲ್ಪ ಹೊತ್ತು ಮೈಕ್ರೊಮೀಟರಿನ ಪಕ್ಕದಲ್ಲೇ ಬಿಡಿ. ಕೈಬಿಸಿಯಿಂದ ಬ್ಲಾಕು 10 ಡಿಗ್ರಿ ಕಾದರೆ 25 ಮಿ.ಮೀ. ಉಕ್ಕು ಸುಮಾರು 3 ಮೈಕ್ರಾನ್ ಹಿಗ್ಗುತ್ತದೆ. ಈ ಅಳತೆಯ ಮೈಕ್ರೊಮೀಟರಿಗೆ ಸಾಮಾನ್ಯವಾಗಿ ಒಪ್ಪುವ ತಪ್ಪೇ 4 ಮೈಕ್ರಾನ್. ಅಳೆಯುವಾಗ ರ‍್ಯಾಚೆಟ್ ತಿರುಗಿಸಿಯೇ ಬಿಗಿಮಾಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಿ. ಮೈಕ್ರಾನ್ ಓದಬಲ್ಲ ಮೈಕ್ರೊಮೀಟರು ಸೊನ್ನೆಯಲ್ಲಿ ಸರಿ, 5.1ರಲ್ಲಿ ಸರಿ, 25ರಲ್ಲೂ ಸರಿ. 12.9ರಲ್ಲಿ ಮಾತ್ರ 12.895 ತೋರಿಸಿತು. ಈಗ 22.4 ಇಟ್ಟು ನೋಡಬೇಕು, ಏಕೆಂದರೆ ಅಲ್ಲೂ ಥಿಂಬಲ್ ಅದೇ 40ನೇ ಗೆರೆಯಲ್ಲಿ ನಿಲ್ಲುತ್ತದೆ. ಅಲ್ಲೂ 5 ಮೈಕ್ರಾನ್ ಕಡಿಮೆ ಬಂದರೆ ದೋಷ ಪ್ರತಿ ಸುತ್ತಿನಲ್ಲೂ ಮರುಕಳಿಸುತ್ತಿದೆ. ಸರಿಯಾಗಿ ಬಂದರೆ ಸ್ಕ್ರೂ 13ರ ಸುತ್ತಮುತ್ತ ಸವೆದಿದೆ. ಸೊನ್ನೆ ತಿದ್ದಿದರೆ ಇದು ಹೋಗುವುದಿಲ್ಲ; ಸರಿಯಿದ್ದ ಉಳಿದ ಜಾಗಗಳೂ ಕೆಡುತ್ತವೆ. ಇಂಥ ಮೈಕ್ರೊಮೀಟರು 12.905ರ ದಪ್ಪ ಶಾಫ್ಟನ್ನು 12.900 ಎಂದು ಪಾಸು ಮಾಡುತ್ತದೆ, ಆಮೇಲೆ ಅದು ಬೇರಿಂಗಿಗೆ ಇಳಿಯುವುದಿಲ್ಲ. ಅದನ್ನು ನಿಖರ ಕೆಲಸದಿಂದ ತೆಗೆದಿಡಿ.

ಪರೀಕ್ಷೆ ಮುಗಿದೊಡನೆ ಬ್ಲಾಕುಗಳನ್ನು ಎಳೆಯದೆ ಜಾರಿಸಿ ಬಿಡಿಸಿ, ಒರೆಸಿ, ಎಣ್ಣೆ ಸವರಿ ಪೆಟ್ಟಿಗೆಗೆ ಸೇರಿಸಿ. ಕೂಡಿಸಿದಂತೆಯೇ ದಿನಗಟ್ಟಲೆ ಬಿಟ್ಟರೆ ಬಿಡಿಸುವಾಗ ಮುಖ ಹಾಳಾಗಬಹುದು.